ರಾತ್ರಿ ಪಾಳಿಯಲ್ಲಿ ಬಳುಕುವ ಗೆರೆ

ಹಗಲಿಡೀ ನೆಟ್ಟಗೆ ಓಡಿದ ಉಷ್ಣಾಂಶದ ಗೆರೆ, ರಾತ್ರಿ ಪಾಳಿಯಲ್ಲಿ ಉತ್ಪಾದನೆ ಅರ್ಧಕ್ಕೆ ಇಳಿದ ಕೂಡಲೇ ಹಾವಿನ ಹಾಗೆ ಬಳುಕತೊಡಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವರು ಮೊದಲು ಬೈಯುವುದು ವಾಲ್ವನ್ನು. ಎಷ್ಟೋ ಸಲ ತಪ್ಪು ಅದರದ್ದಲ್ಲ.

90 ಡಿಗ್ರಿಯ ಬಿಸಿನೀರನ್ನು 56 ಡಿಗ್ರಿಗೆ ತಂದು ಮುಂದೆ ಕಳಿಸಬೇಕು ಎನ್ನಿ. ಒಂದು ಪಾಲು ಹೀಟ್ ಎಕ್ಸ್‌ಚೇಂಜರಿನೊಳಗೆ ಹಾದು ತಣ್ಣಗಾಗುತ್ತದೆ. ಉಳಿದದ್ದು ಬೈಪಾಸ್ ಪೈಪಿನಲ್ಲಿ ಸುತ್ತುಹಾಕಿ ಬಂದು ಕೊನೆಯಲ್ಲಿ ಅದರ ಜೊತೆ ಸೇರುತ್ತದೆ. ಯಾವ ದಾರಿಗೆ ಎಷ್ಟು ಪಾಲು ಎಂದು ಹಂಚುವುದು ಮೂರು ಬಾಯಿಯ ವಾಲ್ವ್. ಬೆರೆತ ನೀರಿನ ಉಷ್ಣಾಂಶ ನೋಡಿಕೊಂಡು ಆ ವಾಲ್ವನ್ನು ತಿರುಗಿಸುವುದು ಕಂಟ್ರೋಲರ್.

ಲೆಕ್ಕಕ್ಕೆ ಒಂದು ಎಕ್ಸ್‌ಚೇಂಜರ್ ಹಿಡಿಯೋಣ. ತಂಪು ನೀರು 30 ಡಿಗ್ರಿಯದು, ಬೇಕಾದಷ್ಟಿದೆ. ಸೆಕೆಂಡಿಗೆ 10 ಲೀಟರ್ ಬಿಸಿನೀರು ಹರಿಯುವಾಗ ಶೇಕಡಾ 20 ಪಾಲು ಬೈಪಾಸಿಗೆ ಹೋದರೆ, ಒಳಗಿಂದ 47 ಡಿಗ್ರಿಯ ನೀರು ಬರುತ್ತದೆ, ಬೆರೆತದ್ದು 56. ಬೈಪಾಸ್ ಪಾಲನ್ನು 30ಕ್ಕೆ ಏರಿಸಿದರೆ ಸಿಗುವುದು 58 ಮಾತ್ರ, ಎರಡೇ ಡಿಗ್ರಿ ಹೆಚ್ಚು.

ಹರಿವು 5 ಲೀಟರಿಗೆ ಇಳಿದಾಗ ಅದೇ 56 ಡಿಗ್ರಿಗೆ ಬೈಪಾಸ್ ಪಾಲು 41 ಆಗಬೇಕು. ಈಗಲೂ ಹತ್ತು ಏರಿಸಿ 51 ಮಾಡಿ. ಉಷ್ಣಾಂಶ 61ಕ್ಕೆ ಜಿಗಿಯುತ್ತದೆ. ವಾಲ್ವ್ ಸರಿದದ್ದು ಅಷ್ಟೇ, ಪರಿಣಾಮ ಎರಡು ಪಟ್ಟಿಗೂ ಮಿಗಿಲು. ಇದನ್ನೇ ಲೂಪಿನ ಗೇನ್ ಏರಿತು ಎನ್ನುವುದು.

ಕಾರಣ ಎಕ್ಸ್‌ಚೇಂಜರಿನ ಒಳಗಿದೆ. ಹರಿವು ಜೋರಾಗಿದ್ದಾಗ ನೀರು ಪೂರ್ತಿ ತಣ್ಣಗಾಗುವ ಮೊದಲೇ ಹೊರಬೀಳುತ್ತದೆ. ಸ್ವಲ್ಪ ನೀರನ್ನು ಬೈಪಾಸಿಗೆ ತಿರುಗಿಸಿದರೆ, ಒಳಗೆ ಉಳಿದದ್ದಕ್ಕೆ ಹೆಚ್ಚು ಹೊತ್ತು ಸಿಕ್ಕಿ ಅದು 47ರಿಂದ 44ಕ್ಕೆ ಇಳಿದು, ಬೈಪಾಸ್ ತಂದ ಬಿಸಿಯನ್ನು ಅರೆಬರೆ ನುಂಗಿಬಿಡುತ್ತದೆ. ಹರಿವು ಕಡಿಮೆಯಿದ್ದಾಗಲೋ ಒಳಗಿನ ನೀರು ಆಗಲೇ 32ಕ್ಕೆ ಬಂದು ನಿಂತಿರುತ್ತದೆ. ಇನ್ನು ಕೆಳಗಿಳಿಯಲು ಜಾಗವಿಲ್ಲ, ಹಾಗಾಗಿ ಬೈಪಾಸಿನ ಬಿಸಿಯೆಲ್ಲ ನೇರ ಮುಟ್ಟುತ್ತದೆ. (ಹರಿವು ತಗ್ಗಿದಾಗ ಶಾಖ ದಾಟುವ ವೇಗವೂ ಕುಗ್ಗುವುದರಿಂದ ನಿಜದಲ್ಲಿ ಈ ಅಂತರ ಕೊಂಚ ಕಡಿಮೆ.)

ಇದರ ಮೇಲೆ ಇನ್ನೊಂದು ತೊಡಕು: ಹರಿವು ಅರ್ಧವಾದರೆ, ಬೆರೆತ ನೀರು ಸೆನ್ಸರ್ ತಲುಪಲು ಎರಡು ಪಟ್ಟು ಹೊತ್ತು. ಹೆಚ್ಚು ಪರಿಣಾಮ, ತಡವಾದ ಸುದ್ದಿ. ಹಗಲಿನ ಹರಿವಿಗೆ ಹದಮಾಡಿದ ಕಂಟ್ರೋಲರ್ ರಾತ್ರಿ ಅತ್ತಿತ್ತ ತೂಗಾಡುವುದು ಇದಕ್ಕೇ.

ಲೂಪನ್ನು ಮ್ಯಾನುಯಲ್‌ಗೆ ಹಾಕಿದಾಗ ಬಳುಕು ನಿಂತರೆ, ಅದು ಹೊರಗಿಂದ ಬಂದದ್ದಲ್ಲ. ಆದರೆ ಅಂಟಿಕೊಳ್ಳುವ ವಾಲ್ವೂ ಹೀಗೇ ಮೋಸಮಾಡುತ್ತದೆ, ಹಾಗಾಗಿ ಮ್ಯಾನುಯಲ್‌ನಲ್ಲೇ ವಾಲ್ವನ್ನು ಒಂದೊಂದೇ ಪಾಲು ಸರಿಸಿ, ಪ್ರತಿ ಸಲವೂ ಉಷ್ಣಾಂಶ ಕದಲುತ್ತದೆಯೇ ನೋಡಬೇಕು. ಕದಲಿದರೆ ಹುಳುಕು ಟ್ಯೂನಿಂಗಿನಲ್ಲಿದೆ. ಕನಿಷ್ಠ ಹರಿವಿಗೆ ಹದಮಾಡಿದರೆ ಬಳುಕು ತಪ್ಪುತ್ತದೆ, ಹಗಲು ಮಾತ್ರ ಲೂಪ್ ತೂಕಡಿಸುತ್ತದೆ. ನನ್ನ ಆಯ್ಕೆ ಬೇರೆ: ಫ್ಲೋಮೀಟರಿನ ಅಂಕಿ ನೋಡಿ, ಹರಿವು ಇಳಿದಂತೆ ಕಂಟ್ರೋಲರಿನ ಗೇನನ್ನೂ ಇಳಿಸುತ್ತ ಹೋಗುವುದು. ಅದಕ್ಕೆ ಎರಡು ಹರಿವಿನಲ್ಲಿ ಒಂದೊಂದು ಪರೀಕ್ಷೆ ಸಾಕು.