ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ: ಉಳಿತಾಯ ಎಲ್ಲಿ, ಎಷ್ಟು?

ಒಂದೇ ಬೆಳೆಯನ್ನು ಜಾಸ್ತಿ ಬೆಳೆದಾಗ ಕೆ.ಜಿ.ಗೆ ಬೀಳುವ ಖರ್ಚು ಇಳಿಯೋದು ಎಲ್ಲರಿಗೂ ಗೊತ್ತು. ಎರಡು ಬೆಳೆಗಳನ್ನು ಬೇರೆ ಬೇರೆ ಬೆಳೆಯುವುದಕ್ಕಿಂತ ಒಟ್ಟಿಗೆ ಬೆಳೆದಾಗ ಖರ್ಚು ಕಡಿಮೆಯಾದರೆ ಅದು ಇನ್ನೊಂದು ಬಗೆಯ ಉಳಿತಾಯ. ಅರ್ಥಶಾಸ್ತ್ರದಲ್ಲಿ ಇದನ್ನು ವ್ಯಾಪ್ತಿಯ ಮಿತವ್ಯಯ ಅಂತಾರೆ. ಮಲೆನಾಡಿನ ಅಡಿಕೆ–ಕಾಳುಮೆಣಸು ತೋಟ ಇದಕ್ಕೆ ಒಳ್ಳೆಯ ಉದಾಹರಣೆ.

ಒಂದು ಎಕರೆಯ ಲೆಕ್ಕ ಹಾಕೋಣ. ಇವು ಲೆಕ್ಕ ತಿಳಿಯಲು ಹಾಕಿದ ಅಂಕಿಗಳು, ನಿಮ್ಮ ತೋಟದವನ್ನು ನೀವೇ ಹಾಕಿಕೊಳ್ಳಿ.

ಅಡಿಕೆ ಮಾತ್ರ ಇದ್ದರೆ ವರ್ಷಕ್ಕೆ:
- ನೀರು, ಬೇಲಿ: ₹20,000
- ಕಳೆ, ಬಸಿಗಾಲುವೆ: ₹15,000
- ಬೋರ್ಡೋ ಸಿಂಪಡಣೆ: ₹15,000
- ಗೊಬ್ಬರ, ಕೊಯ್ಲು: ₹50,000

ಒಟ್ಟು 1 ಲಕ್ಷ. ಮೆಣಸನ್ನು ಬೇರೆ ಜಾಗದಲ್ಲಿ ಹಾಕಿದರೆ ನೀರು, ಬೇಲಿ, ಕಳೆ, ಕಾಲುವೆಗೆ ಮತ್ತೆ ₹35,000, ಬೋರ್ಡೋಗೆ ₹8,000, ಗೊಬ್ಬರ, ಕೊಯ್ಲಿಗೆ ₹30,000, ಅಂದರೆ ₹73,000. ಎರಡೂ ಸೇರಿ ₹1,73,000. ಬಳ್ಳಿ ಹಬ್ಬಿಸಲು ಆಧಾರ ಮರ ಬೆಳೆಸುವ ಖರ್ಚು ಇದರಲ್ಲಿ ಸೇರಿಲ್ಲ.

ಈಗ ಬಳ್ಳಿಯನ್ನು ಅಡಿಕೆ ಮರಕ್ಕೇ ಹಬ್ಬಿಸಿ. ನೀರು, ಬೇಲಿ, ಕಳೆ, ಕಾಲುವೆ ಒಂದೇ ಸಲ: ₹35,000. ಗೊಬ್ಬರ, ಕೊಯ್ಲು ಎರಡಕ್ಕೂ ಬೇಕೇ ಬೇಕು: ₹80,000. ಬೋರ್ಡೋ ₹20,000. ಒಟ್ಟು ₹1,35,000. ಉಳಿದದ್ದು ₹38,000.

ಬೋರ್ಡೋದಲ್ಲಿ ಉಳಿದದ್ದು ₹3,000 ಮಾತ್ರ ಅನ್ನೋದನ್ನು ಗಮನಿಸಿ. ಅಡಿಕೆಯ ಕೊಳೆರೋಗಕ್ಕೂ ಮೆಣಸಿನ ಶೀಘ್ರ ಸೊರಗು ರೋಗಕ್ಕೂ ಕಾರಣ ಫೈಟಾಫ್ತರ ಗುಂಪಿನ ರೋಗಾಣುಗಳೇ. ಹಾಗಾಗಿ ಮಳೆಗಾಲಕ್ಕೆ ಮುಂಚೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ ಮಾಡಿದ ದ್ರಾವಣ ಎರಡಕ್ಕೂ ಆಗುತ್ತೆ. ಪಂಪು, ಡ್ರಮ್ಮು, ತಯಾರಿಯ ಕೆಲಸ ಹಂಚಿಕೆಯಾಗುತ್ತೆ. ಆದರೆ ಬಳ್ಳಿಗೆ ಹೋಗುವ ದ್ರಾವಣ ಬೇರೆಯೇ ಬೇಕು. ಹಂಚಿಕೊಳ್ಳಲು ಬರುವ ಖರ್ಚು ಮಾತ್ರ ಉಳಿಯುತ್ತೆ, ಅಷ್ಟೇ.

ಒಟ್ಟಿಗೆ ಬೆಳೆದಾಗ ಹೊಸ ಖರ್ಚೂ ಹುಟ್ಟಬಹುದು. ಬಳ್ಳಿ ಸುತ್ತಿದ ಮರ ಹತ್ತೋದು ಕಷ್ಟ, ಕೊನೆಗಾರರು ಕೂಲಿ ಜಾಸ್ತಿ ಕೇಳ್ತಾರೆ. ಅದಕ್ಕೇ ನಾನು ಬಳ್ಳಿಯನ್ನು ಸುಮಾರು 12–15 ಅಡಿಗೆ ನಿಲ್ಲಿಸಿ, ಗೊನೆಯನ್ನು ದೋಟಿಯಲ್ಲಿ ಇಳಿಸುತ್ತೇನೆ. ಇನ್ನೊಂದು ವಿಷಯ, ನೀರು ನಿಂತರೆ ಮೆಣಸಿನ ಬೇರು ಬೇಗ ಕೊಳೆಯುತ್ತೆ. ಬುಡದ ಎಲೆಗಳು ಕಪ್ಪಾಗಿ ಉದುರತೊಡಗಿದರೆ ಕಾಲುವೆ ಸಾಲುತ್ತಿಲ್ಲ ಅಂತ ಅನುಮಾನಿಸಿ.

ಹೊಸ ಬೆಳೆ ಸೇರಿಸುವ ಮೊದಲು ಇಷ್ಟು ಕೇಳಿಕೊಳ್ಳಿ: ಈಗಿನ ಖರ್ಚಿನ ಮೇಲೆ ಎಷ್ಟು ಹೆಚ್ಚಾಗುತ್ತೆ? ಇಲ್ಲಿ ಮೆಣಸಿಗೆ ಹೆಚ್ಚಾದದ್ದು ₹35,000. ಬರುವ ಮೆಣಸಿನ ಬೆಲೆಯಿಂದ ಅಡಿಕೆಯ ಇಳುವರಿಯಲ್ಲಿ ಏನಾದರೂ ಕುಸಿದಿದ್ದರೆ ಅದನ್ನು ಕಳೆದು, ಉಳಿದದ್ದನ್ನು ಈ ಅಂಕಿಗೆ ಹೋಲಿಸಿ. ಬೇರೆ ಗದ್ದೆ, ಬೇರೆ ನೀರು, ಬೇರೆ ಆಳು ಬೇಡುವ ಬೆಳೆಯಾದರೆ ಅದು ಎರಡನೇ ಆದಾಯವಾಗಬಹುದು, ಆದರೆ ಈ ಉಳಿತಾಯ ಸಿಗೋದಿಲ್ಲ.