ಬೇಗ ‘ಇಲ್ಲ’ ಎನ್ನುವ ಮರ

ಬಾಗಲ್ ಎಂಬ ಆಟದಲ್ಲಿ ಹದಿನಾರು ದಾಳಗಳಿರುತ್ತವೆ. ಪ್ರತಿ ದಾಳದ ಆರು ಮುಖಗಳ ಮೇಲೂ ಇಂಗ್ಲಿಷ್ ಅಕ್ಷರಗಳು. ಡಬ್ಬಿಯನ್ನು ಕುಲುಕಿ ಇಟ್ಟರೆ ಅವು ನಾಲ್ಕು ಸಾಲು, ನಾಲ್ಕು ಕಂಬದ ಮನೆಗಳಲ್ಲಿ ಕೂರುತ್ತವೆ. ಮೂರು ನಿಮಿಷದ ಮರಳು ಗಡಿಯಾರ ಉರುಳುವುದರೊಳಗೆ ಸಿಕ್ಕಷ್ಟು ಪದ ಬರೆದುಕೊಳ್ಳಬೇಕು. ನಿಯಮ ಸರಳ. ಒಂದು ಮನೆಯಿಂದ ಅದಕ್ಕೆ ತಾಗಿದ ಮನೆಗೆ ಮಾತ್ರ ಹೋಗಬಹುದು, ಮೂಲೆಯಲ್ಲಿ ತಾಗಿದ್ದರೂ ನಡೆಯುತ್ತದೆ. ಒಂದೇ ಪದದಲ್ಲಿ ಒಂದು ಮನೆಯನ್ನು ಎರಡು ಸಲ ತುಳಿಯುವಂತಿಲ್ಲ.

ಈ ಹದಿನಾರು ಮನೆಗಳಲ್ಲಿ ಎಷ್ಟು ದಾರಿಗಳಿವೆ? ಎಣಿಸಿದರೆ 1,20,29,640. ಇವುಗಳಲ್ಲಿ ಮೂರಕ್ಷರದವು ಬರೀ 408. ಉಳಿದ ಹೊರೆಯೆಲ್ಲ ಉದ್ದ ದಾರಿಗಳದ್ದೇ: 88 ಲಕ್ಷಕ್ಕೂ ಹೆಚ್ಚು ದಾರಿಗಳು ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಅಕ್ಷರದವು, ಅವುಗಳಲ್ಲಿ ಪದವಾಗುವುದು ಅಪರೂಪದಲ್ಲಿ ಅಪರೂಪ. ಆಡುವ ಮನುಷ್ಯ ಈ ದಾರಿಗಳತ್ತ ತಿರುಗಿಯೂ ನೋಡುವುದಿಲ್ಲ. ಮೊದಲ ಮೂರು ಅಕ್ಷರ ನಾಲಿಗೆಗೆ ಒಗ್ಗದಿದ್ದರೆ ಅವನ ಕಣ್ಣು ತಾನಾಗಿಯೇ ಬೇರೆ ಕಡೆ ಹೊರಳುತ್ತದೆ. ಕಂಪ್ಯೂಟರಿಗೆ ಆ ನಾಲಿಗೆ ಇಲ್ಲ. ‘ಇಲ್ಲಿಂದ ಮುಂದೆ ಹೋಗಿ ಪ್ರಯೋಜನವಿಲ್ಲ’ ಎಂಬುದನ್ನು ನಾವೇ ಅದಕ್ಕೆ ಕಲಿಸಬೇಕು. ಲೆಕ್ಕ ಹಾಕಿ ನೋಡಿ: ಮೂರನೆಯ ಅಕ್ಷರದಲ್ಲೇ ಒಂದು ದಾರಿಯನ್ನು ಕಡಿದರೆ, ಅದರಿಂದ ಮುಂದೆ ಕವಲೊಡೆಯಬೇಕಿದ್ದ ಸರಾಸರಿ 29 ಸಾವಿರ ದಾರಿಗಳು ಹುಟ್ಟುವ ಮೊದಲೇ ಇಲ್ಲವಾಗುತ್ತವೆ.

ನಿಘಂಟಿನ ಪದಗಳನ್ನೆಲ್ಲ ಪ್ರೋಗ್ರಾಮಿಗೆ ಪಟ್ಟಿಯಾಗಿ ಕೊಟ್ಟರೆ ಸಾಲದೇ? ಸಾಲದು. ‘ಇದು ಪದವೇ?’ ಎಂಬ ಪ್ರಶ್ನೆಗೆ ಪಟ್ಟಿ ಥಟ್ಟನೆ ಉತ್ತರಿಸುತ್ತದೆ. ನಮಗೆ ಬೇಕಾದದ್ದು ಬೇರೆ ಪ್ರಶ್ನೆಯ ಉತ್ತರ: ‘ಹೀಗೆ ಶುರುವಾಗುವ ಪದ ಒಂದಾದರೂ ಇದೆಯೇ?’ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ಅರ್ಧಕ್ಕೆ ಅರ್ಧ ಮಡಿಸುತ್ತಾ ಹುಡುಕಿದರೆ ಅದಕ್ಕೂ ಉತ್ತರ ಸಿಗುತ್ತದೆ, ನಿಜ. ಆದರೆ ಎರಡು ಲಕ್ಷ ಪದಗಳಿದ್ದರೆ ಪ್ರತಿ ಹೆಜ್ಜೆಗೂ ಸುಮಾರು ಹದಿನೆಂಟು ಹೋಲಿಕೆ ಬೇಕು. ಹಿಂದಿನ ಹೆಜ್ಜೆಯಲ್ಲಿ ಎಲ್ಲಿದ್ದೆವು ಎಂಬುದನ್ನು ನೆನಪಿಟ್ಟುಕೊಂಡು, ಅಲ್ಲಿಂದಲೇ ಒಂದು ಹೆಜ್ಜೆ ಮುಂದಿಡುವ ಏರ್ಪಾಡು ಸಿಕ್ಕರೆ ಈ ಹುಡುಕಾಟವೂ ತಪ್ಪುತ್ತದೆ. ಆ ಏರ್ಪಾಡಿನ ಹೆಸರು ಟ್ರೈ. 1959ರಲ್ಲಿ ರೆನೆ ಡಿ ಲಾ ಬ್ರಿಯಾಂಡೆ ಇದನ್ನು ವಿವರಿಸಿದರು. ಮರುವರ್ಷ ಎಡ್ವರ್ಡ್ ಫ್ರೆಡ್ಕಿನ್, ‘ರಿಟ್ರೀವಲ್’ ಎಂಬ ಪದದ ನಡುವಿನಿಂದ ನಾಲ್ಕು ಅಕ್ಷರ ತೆಗೆದು ಈ ಹೆಸರಿಟ್ಟರು. ನಾವಿಲ್ಲಿ ಅಕ್ಷರಮರ ಎನ್ನೋಣ.

ಒಂದು ಪುಟ್ಟ ಮರ ಕಟ್ಟೋಣ. ನಮ್ಮ ನಿಘಂಟಿನಲ್ಲಿ ಹತ್ತೇ ಪದ: ಕಮಲ, ಕರ, ಕರಗ, ಕಲಹ, ಕಲರವ, ಕವನ, ಮನ, ಮರ, ಸಲಗ, ನಗರ. ಬೇರಿನಿಂದ ಹೊರಡುವುದು ನಾಲ್ಕೇ ಕವಲು, ಏಕೆಂದರೆ ಪದಗಳೆಲ್ಲ ಕ, ಮ, ಸ, ನ ಈ ನಾಲ್ಕರಲ್ಲೊಂದರಿಂದ ಶುರುವಾಗುತ್ತವೆ. ‘ಕ’ ಎಂಬ ಗೆಣ್ಣಿನಿಂದ ಮತ್ತೆ ನಾಲ್ಕು ಕವಲು: ಮ, ರ, ಲ, ವ. ‘ಕಲ’ದಿಂದ ಎರಡು: ಹ ಮತ್ತು ರ. ಒಂದೇ ರೀತಿ ಶುರುವಾಗುವ ಪದಗಳು ಕಾಂಡವನ್ನು ಹಂಚಿಕೊಳ್ಳುವುದರಿಂದ, ಹತ್ತು ಪದಗಳ ಒಟ್ಟು 28 ಅಕ್ಷರಗಳು 20 ಗೆಣ್ಣುಗಳಲ್ಲಿ ಅಡಗುತ್ತವೆ. ಇನ್ನೊಂದು ಗುರುತು ಮರೆಯಬಾರದು. ಪದ ಮುಗಿಯುವ ಗೆಣ್ಣಿನ ಮೇಲೆ ಒಂದು ಮುದ್ರೆ ಬೇಕು. ‘ಕರ’ ತಾನೇ ಪದ, ‘ಕರಗ’ಕ್ಕೆ ಮೆಟ್ಟಿಲೂ ಹೌದು, ‘ಕಲ’ ಈ ಪಟ್ಟಿಯಲ್ಲಿ ಬರೀ ಮೆಟ್ಟಿಲು. ಮುದ್ರೆ ಇಲ್ಲದಿದ್ದರೆ ಎರಡರ ಭೇದ ತಿಳಿಯುವುದಿಲ್ಲ. ಪೈಥಾನ್ ಭಾಷೆಯಲ್ಲಿ ಮರ ಕಟ್ಟುವ ಕೆಲಸ ಇಷ್ಟೇ:

```python
def serisu(beru, pada):
    gennu = beru
    for akshara in pada:
        gennu = gennu.setdefault(akshara, {})
    gennu["#"] = True
```

ಈಗ ಮೂರು ಸಾಲು, ಮೂರು ಕಂಬದ ಒಂದು ಚಿಕ್ಕ ಚೌಕ ತೆಗೆದುಕೊಳ್ಳೋಣ. ಮೇಲಿನ ಸಾಲಿನಲ್ಲಿ ಕ, ಮ, ನ. ನಡುವಿನಲ್ಲಿ ರ, ಲ, ವ. ಕೆಳಗೆ ಹ, ಸ, ಗ. ಎಡ ಮೇಲ್ಮೂಲೆಯ ‘ಕ’ದಲ್ಲಿ ನಿಂತು ಹೊರಡೋಣ. ಕೈಯಲ್ಲಿ ಎರಡು ನಕ್ಷೆಗಳಿವೆ ಎಂದುಕೊಳ್ಳಿ: ಒಂದು ಚೌಕದ್ದು, ಇನ್ನೊಂದು ಮರದ್ದು. ಎರಡೂ ಒಪ್ಪಿದರೆ ಮಾತ್ರ ಹೆಜ್ಜೆ.

‘ಕ’ಕ್ಕೆ ತಾಗಿದ ಮನೆಗಳು ಮ, ರ, ಲ. ಮೂರಕ್ಕೂ ಮರದಲ್ಲಿ ಕವಲಿದೆ. ಮೊದಲು ‘ಮ’. ಅಲ್ಲಿಂದ ನ, ರ, ಲ, ವ ನಾಲ್ಕು ಕಡೆ ಹೋಗಬಹುದು, ಆದರೆ ‘ಕಮ’ ಗೆಣ್ಣಿಗೆ ‘ಲ’ ಒಂದೇ ಕವಲು. ಮೂರು ದಾರಿಗಳು ಅಲ್ಲೇ ಮುಗಿದವು. ನಾಲ್ಕನೆಯದರಲ್ಲಿ ‘ಕಮಲ’ ಸಿಕ್ಕಿತು. ನಡುವಿನ ‘ಲ’ಕ್ಕೆ ಇನ್ನೂ ಆರು ತುಳಿಯದ ಮನೆಗಳು ತಾಗಿಕೊಂಡಿವೆ. ಮರದಲ್ಲಿ ಮುಂದೆ ಕವಲಿಲ್ಲದ್ದರಿಂದ ಆರರಲ್ಲಿ ಒಂದನ್ನೂ ತುಳಿಯದೆ ಹಿಂದಿರುಗುತ್ತೇವೆ. ಮತ್ತೆ ‘ಕ’ದಿಂದ ‘ರ’ಕ್ಕೆ: ‘ಕರ’ ಪದವೇ, ಬರೆದುಕೊಳ್ಳೋಣ. ಮುಂದಿನ ಕವಲು ‘ಗ’, ಅದು ಕೆಳಗಿನ ಬಲಮೂಲೆಯಲ್ಲಿದೆ, ‘ರ’ಕ್ಕೆ ತಾಗಿಲ್ಲ. ಹಿಂದಕ್ಕೆ. ಕೊನೆಗೆ ‘ಲ’: ಅಲ್ಲಿಂದ ‘ಹ’ಕ್ಕೆ ಹೋಗಿ ‘ಕಲಹ’ ಸಿಗುತ್ತದೆ. ‘ರ’ಕ್ಕೆ ಹೋದರೆ ‘ಕಲರ’, ಆದರೆ ‘ಕಲರವ’ ಪೂರ್ತಿಯಾಗಲು ಬೇಕಾದ ‘ವ’ ಇರುವುದು ‘ಲ’ದ ಆಚೆಗೆ. ‘ಕವನ’ದ ಕವಲು ಮರದಲ್ಲಿದ್ದರೂ ಚೌಕದಲ್ಲಿ ‘ಕ’ಕ್ಕೆ ‘ವ’ ತಾಗಿಲ್ಲ.

ಉಳಿದ ಮನೆಗಳಿಂದಲೂ ಹೀಗೆಯೇ. ರ, ಲ, ವ, ಹ, ಗ ಈ ಐದು ಮನೆಗಳಿಂದ ಹೊರಡುವ ಪದವೇ ಇಲ್ಲ; ಬೇರಿನಲ್ಲೇ ‘ಇಲ್ಲ’ ಎಂಬ ಉತ್ತರ. ‘ನ’ದಿಂದ ಹೊರಟರೆ ಬೇಕಾದ ‘ಗ’ ತಾಗಿಲ್ಲ. ‘ಮ’ದಿಂದ ‘ಮನ’, ‘ಮರ’, ‘ಸ’ದಿಂದ ‘ಸಲಗ’ ಸಿಗುತ್ತವೆ. ಒಟ್ಟು ಆರು ಪದ. ಈ ಚೌಕದಲ್ಲಿರುವ ದಾರಿಗಳು 10,305. ಮರ ಒಪ್ಪಿ ನಾವು ತುಳಿದವು 14. ನಿಘಂಟು ದೊಡ್ಡದಾದಂತೆ ಈ 14 ಬೆಳೆಯುತ್ತದೆ, ಆದರೆ ಉದ್ದ ಪದಗಳು ವಿರಳವಾದ್ದರಿಂದ ದಾರಿಗಳ ಒಟ್ಟು ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಈ ನಡಿಗೆಯನ್ನು ಪ್ರೋಗ್ರಾಮಿನಲ್ಲಿ ಹೀಗೆ ಬರೆಯಬಹುದು:

```python
def nade(r, c, gennu, daari):
    a = mane[r][c]
    if a not in gennu:
        return
    gennu, daari = gennu[a], daari + a
    if "#" in gennu:
        sikkavu.add(daari)
    mane[r][c] = None
    for dr in (-1, 0, 1):
        for dc in (-1, 0, 1):
            if 0 <= r+dr < 3 and 0 <= c+dc < 3:
                nade(r+dr, c+dc, gennu, daari)
    mane[r][c] = a
```

ತುಳಿದ ಮನೆಯನ್ನು `None` ಎಂದು ಬರಿದು ಮಾಡಿ, ಹಿಂದಿರುಗುವಾಗ ಕೊನೆಯ ಸಾಲಿನಲ್ಲಿ ಅಕ್ಷರವನ್ನು ಅದರ ಜಾಗಕ್ಕೆ ಮರಳಿಸುತ್ತೇವೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಆ ಕೊನೆಯ ಸಾಲು ಬಿಟ್ಟುಹೋದರೆ ಪ್ರೋಗ್ರಾಮು ಕೆಡುವುದಿಲ್ಲ, ದೂರುವುದೂ ಇಲ್ಲ. ನಮ್ಮ ಚೌಕದಲ್ಲಿ ‘ಕಮಲ’, ‘ಕರ’ ಎರಡನ್ನೇ ಕೊಟ್ಟು ಸುಮ್ಮನಾಗುತ್ತದೆ. ‘ಕಮಲ’ ಹುಡುಕುವಾಗ ಬರಿದಾದ ‘ಮ’ ಮತ್ತು ‘ಲ’ ಆಮೇಲೆ ಯಾರಿಗೂ ಸಿಗುವುದಿಲ್ಲವಲ್ಲ. ಇನ್ನೊಂದು ತಪ್ಪು ಇದಕ್ಕಿಂತ ನವಿರಾದದ್ದು: ಪದ ಸಿಕ್ಕ ಕೂಡಲೇ ಹಿಂದಿರುಗಿಬಿಡುವುದು. ‘ಕರ’ದಲ್ಲಿ ನಿಂತುಬಿಟ್ಟರೆ ‘ಕರಗ’ ಎಂದೂ ಸಿಗದು. ನಮ್ಮ ಚೌಕದಲ್ಲಿ ‘ಕರಗ’ಕ್ಕೆ ದಾರಿಯೇ ಇಲ್ಲದ್ದರಿಂದ ಈ ತಪ್ಪು ಹೊರಗೆ ಕಾಣುವುದೇ ಇಲ್ಲ, ಉತ್ತರ ಸರಿಯಾಗಿಯೇ ಬರುತ್ತದೆ. ಕೆಳಸಾಲಿನ ಹ ಮತ್ತು ಗ ಅದಲುಬದಲು ಮಾಡಿ ಓಡಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಇಂಥ ಚಿಕ್ಕ ಚೌಕದಲ್ಲಿ, ಮರವಿಲ್ಲದೆ ಎಲ್ಲ ದಾರಿಯನ್ನೂ ತುಳಿಯುವ ಒಂದು ದಡ್ಡ ಪ್ರೋಗ್ರಾಮನ್ನೂ ಬರೆದು, ಎರಡರ ಪಟ್ಟಿಗಳನ್ನು ಹಲವು ಚೌಕಗಳ ಮೇಲೆ ತಾಳೆ ನೋಡಬೇಕು. ಜೊತೆಗೆ ಎಷ್ಟು ಹೆಜ್ಜೆ ಇಟ್ಟೆವು ಎಂದೂ ಎಣಿಸಬೇಕು. ಪಟ್ಟಿ ಸರಿಯಿದ್ದು ಹೆಜ್ಜೆಗಳು ಸಾವಿರಾರು ಆಗಿದ್ದರೆ, ಮರವನ್ನು ಕಟ್ಟಿದ್ದೇವೆಯೇ ಹೊರತು ಅದರ ಮಾತು ಕೇಳುತ್ತಿಲ್ಲ ಎಂದರ್ಥ.

ಇಲ್ಲಿಯವರೆಗೆ ಬೇಕೆಂದೇ ಕಾಗುಣಿತವಿಲ್ಲದ ಪದಗಳನ್ನು ಆರಿಸಿಕೊಂಡಿದ್ದೆ. ಕನ್ನಡದ ನಿಜವಾದ ಸವಾಲು ಮುಂದಿದೆ. ಕಣ್ಣಿಗೆ ‘ಕಮನೀಯ’ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು ಐದು ಸಂಕೇತ, ಏಕೆಂದರೆ ‘ನೀ’ ಎಂಬುದು ‘ನ’ ಮತ್ತು ದೀರ್ಘದ ಗುಣಿತ ಚಿಹ್ನೆ ಎಂದು ಎರಡಾಗಿ ಕೂತಿರುತ್ತದೆ. ‘ಕ್ಷಣ’ದಲ್ಲಿ ಕಾಣುವುದು ಎರಡಕ್ಷರ, ಒಳಗಿರುವುದು ನಾಲ್ಕು ಸಂಕೇತ. ಮೇಲಿನ `for akshara in pada` ಸಾಲು ಪದವನ್ನು ಸಂಕೇತಗಳಾಗಿ ಬಿಡಿಸುತ್ತದೆಯೇ ಹೊರತು ಅಕ್ಷರಗಳಾಗಿ ಅಲ್ಲ. ಆಗ ಮರದಲ್ಲಿ ‘ನ’ ಒಂದು ಗೆಣ್ಣು, ಗುಣಿತ ಚಿಹ್ನೆ ಇನ್ನೊಂದು. ಚೌಕದ ಮನೆಯಲ್ಲಿ ಮಾತ್ರ ಇಡಿಯಾಗಿ ‘ನೀ’ ಕೂತಿದೆ. ಎರಡೂ ಎಂದೂ ಕೂಡುವುದಿಲ್ಲ. ಗುಣಿತವಾಗಲಿ ಒತ್ತಾಗಲಿ ಇಲ್ಲದ ಪದಗಳಷ್ಟೇ ಸಿಗುತ್ತಿದ್ದರೆ ರೋಗ ಇದೇ ಎಂದು ತಿಳಿಯಬಹುದು. ಬಾಗಲ್ ಕೂಡ ಇಂಗ್ಲಿಷಿನಲ್ಲಿ ಒಂದೇ ಒಂದು ಕಡೆ ಇದನ್ನು ಎದುರಿಸಿದೆ: ‘ಕ್ಯೂ’ ಅಕ್ಷರವನ್ನು ಅದರ ಜೊತೆಗಾರ ‘ಯು’ ಸಮೇತ ಒಂದೇ ಮುಖದ ಮೇಲೆ ಅಚ್ಚು ಹಾಕಿದ್ದಾರೆ. ನಮಗೆ ಹೆಚ್ಚುಕಡಿಮೆ ಪ್ರತಿ ಮನೆಯೂ ಹಾಗೆಯೇ.

ಪರಿಹಾರವೆಂದರೆ ಮರ ಕಟ್ಟುವ ಮೊದಲೇ ಪದವನ್ನು ಅಕ್ಷರಗಳಾಗಿ ಬಿಡಿಸಿ, ಆ ಪಟ್ಟಿಯನ್ನು ಕೊಡುವುದು. ವ್ಯಂಜನದ ಹಿಂದೆ ಬರುವ ಗುಣಿತ ಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಅದಕ್ಕೇ ಅಂಟಿಸಬೇಕು. ಅರ್ಧಾಕ್ಷರದ ಚಿಹ್ನೆ ಬಂದರೆ ಅದರ ಮುಂದಿನ ವ್ಯಂಜನವನ್ನೂ ಒತ್ತಾಗಿ ಸೇರಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ. ‘ಕೋಗಿಲೆ’ಯ ‘ಕೋ’ದಲ್ಲಿರುವ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಮರಕ್ಕೆ ಮಾತ್ರ ಬೇರೆ ಬೇರೆ. ಆದ್ದರಿಂದ ನಿಘಂಟು, ಚೌಕ ಎರಡನ್ನೂ `unicodedata.normalize("NFC", s)` ಎಂದು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಈ ಶ್ರಮಕ್ಕೆ ಫಲವೂ ಇದೆ. ಸಂಕೇತಗಳ ಮರದಲ್ಲಿ ‘ಕಮನ’ ಎಂಬುದು ‘ಕಮನೀಯ’ದ ಆರಂಭವಾಗಿ ಜೀವ ಹಿಡಿದಿರುತ್ತದೆ, ಅಕ್ಷರಗಳ ಮರದಲ್ಲಿ ‘ನ’ ಬೇರೆ, ‘ನೀ’ ಬೇರೆ, ಆ ದಾರಿ ಕೂಡಲೇ ಕಡಿಯುತ್ತದೆ.

ಮರಕ್ಕೆ ಬೆಲೆ ತೆರುವುದು ಕಂಪ್ಯೂಟರಿನ ನೆನಪಿನಲ್ಲಿ. ಪ್ರತಿ ಗೆಣ್ಣೂ ಜಾಗ ತಿನ್ನುತ್ತದೆ, ಮತ್ತು ಮರ ಹಂಚಿಕೊಳ್ಳುವುದು ಆರಂಭಗಳನ್ನು ಮಾತ್ರ. ಕನ್ನಡದಲ್ಲಿ ಪುನರಾವರ್ತನೆ ಪದದ ಕೊನೆಯಲ್ಲೇ ಹೆಚ್ಚು: ಮರದಲ್ಲಿ, ಮನದಲ್ಲಿ, ನಗರದಲ್ಲಿ. ಈ ‘ದಲ್ಲಿ’ ಮೂರು ಕಡೆಯೂ ಬೇರೆ ಬೇರೆ ಬೆಳೆಯುತ್ತದೆ. ಸಮಾನ ತುದಿಗಳನ್ನೂ ಒಂದೇ ಕಡೆ ಕೂಡಿಸಿ ಮರವನ್ನು ಜಾಲವಾಗಿಸುವ ಉಪಾಯವನ್ನು 1988ರಲ್ಲಿ ಆಂಡ್ರ್ಯೂ ಅಪೆಲ್ ಮತ್ತು ಗೈ ಜೇಕಬ್ಸನ್ ತಮ್ಮ ಸ್ಕ್ರ್ಯಾಬಲ್ ಪ್ರೋಗ್ರಾಮಿನಲ್ಲಿ ಬಳಸಿ ತೋರಿಸಿದರು. ವಿಭಕ್ತಿ ರೂಪಗಳನ್ನೆಲ್ಲ ಸೇರಿಸಿಕೊಳ್ಳುವ ಕನ್ನಡ ನಿಘಂಟಿಗೆ ಅದು ಹೇಳಿಮಾಡಿಸಿದಂತಿದೆ.

ಕೊನೆಗೊಂದು ಮಾತು. ‘ಸಲಗ’ದ ದಾರಿಯಲ್ಲಿ ನಾವು ‘ಸಲ’ವನ್ನು ದಾಟಿಹೋದೆವು. ಕನ್ನಡ ಬಲ್ಲವರಿಗೆಲ್ಲ ಅದು ದಿನ ಬಳಸುವ ಪದ. ನಮ್ಮ ಹತ್ತರ ಪಟ್ಟಿಯಲ್ಲಿ ಇಲ್ಲದ್ದರಿಂದ ಅಲ್ಲಿ ಮುದ್ರೆಯಿಲ್ಲ, ಪ್ರೋಗ್ರಾಮು ಅದನ್ನು ಬರೆದುಕೊಳ್ಳಲಿಲ್ಲ. ದಾರಿ ಕಡಿಯುವ ವೇಗ ಮರದ್ದು. ಅದು ಹೇಳುವ ‘ಇಲ್ಲ’ ಎಷ್ಟು ನಿಜ ಎಂಬುದು ನಾವು ಕೊಟ್ಟ ಪಟ್ಟಿಯದ್ದು. ಆದ್ದರಿಂದ ಮರವನ್ನು ಐದು ಸಾಲಿನಲ್ಲಿ ಕಟ್ಟಿ ಮುಗಿಸಿದವರು ಉಳಿದ ಸಮಯವನ್ನೆಲ್ಲ ಪದಪಟ್ಟಿಯನ್ನು ತಿದ್ದುವುದಕ್ಕೆ ಕೊಡಬೇಕು.