ಕೊಬ್ಬಿದ ಮರಿಯನ್ನೇ ಕೊಲ್ಲುವ ಕರುಳುಬೇನೆ

ಬಕ್ರೀದಿಗೆಂದು ಟಗರುಮರಿ ಕಟ್ಟಿ ಮೇಯಿಸುವವರ ಕೊಟ್ಟಿಗೆಯಲ್ಲಿ ಒಂದು ಬಗೆಯ ಸಾವು ಮತ್ತೆ ಮತ್ತೆ ಆಗುತ್ತದೆ. ಸಂಜೆ ಹೊಟ್ಟೆ ತುಂಬ ತಿಂದು ಚುರುಕಾಗಿದ್ದ ಮರಿ ಬೆಳಿಗ್ಗೆ ಹೊತ್ತಿಗೆ ಸತ್ತು ಬಿದ್ದಿರುತ್ತದೆ. ಸಾಯುವುದು ಬಡಕಲು ಮರಿಯಲ್ಲ. ಇದ್ದುದರಲ್ಲೇ ಮೈತುಂಬಿಕೊಂಡ, ಒಳ್ಳೆಯ ಬೆಲೆ ಬರುತ್ತದೆ ಎಂದು ಮನೆಯವರು ಲೆಕ್ಕ ಹಾಕಿಟ್ಟ ಮರಿಯೇ ಮೊದಲು ಹೋಗುತ್ತದೆ. ಹಾವು ಕಚ್ಚಿತೋ, ಯಾರಾದರೂ ವಿಷ ಹಾಕಿದರೋ, ದೃಷ್ಟಿ ತಗುಲಿತೋ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಇಂಥ ಸಾವುಗಳಲ್ಲಿ ಬಹಳಷ್ಟಕ್ಕೆ ಕಾರಣ ಕರುಳುಬೇನೆ. ವೈದ್ಯರು ಇದನ್ನು ಎಂಟರೋಟಾಕ್ಸೀಮಿಯಾ ಎನ್ನುತ್ತಾರೆ, ಪಶು ಆಸ್ಪತ್ರೆಯಲ್ಲಿ ಚುಟುಕಾಗಿ ‘ಇ.ಟಿ.’ ಎನ್ನುವುದೂ ಇದನ್ನೇ.

ರೋಗ ತರುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್, ಅದರಲ್ಲೂ ‘ಡಿ’ ಬಗೆ. ಇದು ಹೊರಗಿನಿಂದ ದಾಳಿ ಮಾಡಬೇಕಾಗಿಲ್ಲ. ಆರೋಗ್ಯವಾಗಿರುವ ಎಷ್ಟೋ ಕುರಿ, ಮೇಕೆಗಳ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹುಲ್ಲು, ಹೊಟ್ಟು ತಿನ್ನುವ ಪ್ರಾಣಿಯಲ್ಲಿ ಅದಕ್ಕೆ ಬೆಳೆಯಲು ಬೇಕಾದ ಆಹಾರ ಸಿಗುವುದಿಲ್ಲ, ಹುಟ್ಟಿದಷ್ಟೂ ಸೆಗಣಿಯ ಜೊತೆ ಹೊರಗೆ ಹೋಗುತ್ತಿರುತ್ತದೆ.

ಕಾಳು ಒಮ್ಮೆಲೇ ಹೆಚ್ಚಾದಾಗ ಲೆಕ್ಕ ತಪ್ಪುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ಮೆಕ್ಕೆಜೋಳವನ್ನೋ ಜೋಳವನ್ನೋ ಹೊಟ್ಟೆ ತುಂಬ ತಿನ್ನಿಸಿದರೆ ಅದರ ಪಿಷ್ಟ ಪೂರ್ತಿ ಜೀರ್ಣವಾಗದೆ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದಿದ್ದ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ವಿಪರೀತ ಹೆಚ್ಚಿ ಎಪ್ಸಿಲಾನ್ ಎಂಬ ವಿಷವನ್ನು ಬಿಡುತ್ತದೆ. ಬಿಟ್ಟಾಗ ಅದು ಅಷ್ಟು ಉಗ್ರವಲ್ಲ. ಪ್ರಾಣಿಯ ಕರುಳಿನಲ್ಲೇ ಇರುವ ಜೀರ್ಣರಸ, ಟ್ರಿಪ್ಸಿನ್, ಅದನ್ನು ಕತ್ತರಿಸಿ ಉಗ್ರ ವಿಷವನ್ನಾಗಿ ಮಾಡುತ್ತದೆ. ವಿಷ ಕರುಳಿನ ಗೋಡೆಯನ್ನು ಸಡಿಲಗೊಳಿಸಿ ರಕ್ತಕ್ಕೆ ಸೇರುತ್ತದೆ, ಮಿದುಳಿನ ಮತ್ತು ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಹೆಚ್ಚು ತಿನ್ನುವ ಮರಿಗೇ ಹೆಚ್ಚು ಅಪಾಯ ಎನ್ನುವುದು ಇದರಿಂದಲೇ. ಧಾರಾಳ ಹಾಲು ಕೊಡುವ ತಾಯಿಗೆ ಹುಟ್ಟಿದ ಒಂಟಿ ಮರಿ ಕಾಳು ಮುಟ್ಟದೆಯೂ ಸಾಯುವುದಕ್ಕೆ ಕಾರಣವೂ ಇದೇ, ಅಲ್ಲಿ ಅತಿಯಾದದ್ದು ಹಾಲು.

ಜೀವಂತವಾಗಿ ಕಣ್ಣಿಗೆ ಬಿದ್ದರೆ ಕುರಿಮರಿ ತೂರಾಡುತ್ತದೆ, ಹಲ್ಲು ಕಡಿಯುತ್ತದೆ, ಬಿದ್ದು ಕತ್ತನ್ನು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಮೇಕೆಮರಿಯಲ್ಲಿ ಚಿತ್ರ ಸ್ವಲ್ಪ ಬೇರೆ: ನೀರಿನಂಥ ಭೇದಿ, ಕೆಲವೊಮ್ಮೆ ಲೋಳೆ ಮತ್ತು ರಕ್ತ, ಹೊಟ್ಟೆನೋವಿನ ಅರಚಾಟ. ಅದು ಒಂದೆರಡು ದಿನ ಎಳೆಯಲೂಬಹುದು. ಸತ್ತ ಮರಿಯನ್ನು ವೈದ್ಯರು ಬೇಗನೆ ಪರೀಕ್ಷಿಸಿದರೆ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿರುವುದನ್ನೂ ಮೂತ್ರದಲ್ಲಿ ಸಕ್ಕರೆ ಇರುವುದನ್ನೂ ಕಾಣಬಹುದು. ಮೂತ್ರಪಿಂಡ ಮೆತ್ತಗಾಗುವುದು ಈ ರೋಗದ ಹೆಸರಾಂತ ಗುರುತು. ಆದರೆ ನಮ್ಮ ಬಿಸಿಲಿಗೆ ಯಾವ ಹೆಣದ ಮೂತ್ರಪಿಂಡವೂ ಬೇಗ ಮೆತ್ತಗಾಗುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತೆಂದರೂ ಸಾಲದು, ಅದು ಆರೋಗ್ಯವಂತ ಮರಿಯಲ್ಲೂ ಇರುತ್ತದಲ್ಲ. ಸಣ್ಣ ಕರುಳಿನ ದ್ರವದಲ್ಲಿ ಎಪ್ಸಿಲಾನ್ ವಿಷ ಪತ್ತೆಯಾದರೆ ಮಾತ್ರ ಗಟ್ಟಿಯಾಗಿ ಹೇಳಬಹುದು.

ಮದ್ದು ಕೊಡಲು ಸಮಯವೇ ಸಿಗದ ರೋಗವಿದು. ಹಾಗಾಗಿ ಲಸಿಕೆಯೇ ಮೊದಲ ದಾರಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಲ್ಲೇ ಈ ಲಸಿಕೆ ತಯಾರಾಗುತ್ತದೆ. ಇದು ವಿಷವನ್ನು ನಿರುಪದ್ರವಿಯಾಗಿ ಮಾಡಿ ತಯಾರಿಸಿದ್ದರಿಂದ ಒಂದೇ ಸೂಜಿಗೆ ಪೂರ್ಣ ರಕ್ಷಣೆ ಬರುವುದಿಲ್ಲ. ಮೊದಲ ಸಲ ಹಾಕಿಸುವಾಗ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಸಲ ಬೇಕು, ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುಂಚೆ. ಮಳೆ ಬಿದ್ದ ಮೇಲಿನ ಎಳೆ ಹುಲ್ಲೂ ಹಿಂಡಿಗೆ ಒಮ್ಮೆಲೇ ಆಗುವ ಮೇವಿನ ಬದಲಾವಣೆಯೇ ತಾನೆ. ಗಬ್ಬದ ಕುರಿಗೆ ಮರಿ ಹಾಕುವ ಸುಮಾರು ಒಂದು ತಿಂಗಳು ಮೊದಲು ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ಮೊದಲ ಕೆಲವು ವಾರಗಳ ರಕ್ಷಣೆ ಸಿಗುತ್ತದೆ. ಅಂಥ ಮರಿಗೆ ಮೂರು ನಾಲ್ಕು ತಿಂಗಳಿಗೆ ಲಸಿಕೆ ಶುರು ಮಾಡಿದರಾಯಿತು. ತಾಯಿಗೆ ಹಾಕಿಸಿಲ್ಲವಾದರೆ ಇನ್ನೂ ಬೇಗ ಹಾಕಿಸಬೇಕು, ಯಾವಾಗ ಎಂಬುದನ್ನು ವೈದ್ಯರನ್ನೇ ಕೇಳಿ. ಲಸಿಕೆಯನ್ನು ತಣ್ಣಗೆ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಕೆಟ್ಟಂತೆಯೇ.

ಲಸಿಕೆಯ ದಿನ ಮತ್ತು ಕಾಳಿನ ಪ್ರಮಾಣ ಒಂದಕ್ಕೊಂದು ಹೊಂದಿರಬೇಕು, ಇಲ್ಲೇ ಹೆಚ್ಚಿನವರು ಎಡವುವುದು. ಅಮೀನಗಡದ ಸಂತೆಯಿಂದ ಹದಿಮೂರು ಕಿಲೋ ಆಸುಪಾಸಿನ ಹತ್ತು ಟಗರುಮರಿ ತಂದಿರಿ ಎಂದುಕೊಳ್ಳಿ. ಅವು ಇಲ್ಲಿಯವರೆಗೆ ಬಯಲಲ್ಲಿ ಮೇಯ್ದವು, ಕಾಳಿನ ರುಚಿ ಕಂಡಿಲ್ಲ. ಮೊದಲ ಮೂರು ದಿನ ಶೇಂಗಾ ಹೊಟ್ಟು, ಜೋಳದ ಸೊಪ್ಪೆ, ನೀರು, ಅಷ್ಟೇ. ದಣಿವಾರಿ ಚೆನ್ನಾಗಿದ್ದರೆ ಮೂರನೇ ದಿನ ಮೊದಲ ಲಸಿಕೆ. ನಾಲ್ಕನೇ ದಿನದಿಂದ ಮರಿಗೆ 50 ಗ್ರಾಂ ದಾಣಿ, ಅದನ್ನೂ ಬೆಳಿಗ್ಗೆ ಸಂಜೆ ಎಂದು ಎರಡು ಭಾಗ ಮಾಡಿ, ಒಣಮೇವು ತಿಂದಾದ ಮೇಲೆ. ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸಿದರೆ ಹದಿನಾರನೇ ದಿನಕ್ಕೆ 200 ಗ್ರಾಂ ಆಗುತ್ತದೆ. ಅಲ್ಲಿ ನಿಲ್ಲಿಸಿ. ಹದಿನೆಂಟನೇ ದಿನದ ಸುಮಾರಿಗೆ ಎರಡನೇ ಲಸಿಕೆ ಬೀಳಲಿ, ಅದಾಗಿ ಹತ್ತು ದಿನ ಕಳೆಯಲಿ. ಆ ಮೇಲೆ 250, ಇನ್ನೂ ನಾಲ್ಕು ದಿನ ಬಿಟ್ಟು 300. ಸೆಗಣಿ ಸಡಿಲವಾದರೆ, ಮರಿ ಮೆಲುಕು ಬಿಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಒಟ್ಟು ಒಂದು ತಿಂಗಳು ಹಿಡಿಯುತ್ತದೆ. ಹಬ್ಬಕ್ಕೆ ಐವತ್ತು ದಿನ ಇರುವಾಗ ಮರಿ ತಂದು ಮೊದಲ ವಾರವೇ ಅರ್ಧ ಕಿಲೋ ತಿನ್ನಿಸುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ, ನಾನು ಬಲ್ಲೆ. ಅಂಥವರು ಮರಿಯನ್ನೇ ಮೊದಲು ತರಬೇಕು, ಬೇರೆ ಉಪಾಯವಿಲ್ಲ.

ಗೋದಲಿಯ ಉದ್ದವನ್ನೂ ನೋಡಿಕೊಳ್ಳಿ. ಹತ್ತು ಮರಿಗೆ ಅರ್ಧ ಕಿಲೋ ಹಾಕಿದರೆ ಕಾಗದದ ಮೇಲೆ ತಲೆಗೆ 50 ಗ್ರಾಂ. ಗೋದಲಿ ಗಿಡ್ಡದ್ದಾದರೆ ಬಲವಾದ ಮರಿ ಉಳಿದವನ್ನು ತಳ್ಳಿ ಮೂರು ಪಾಲು ತಿಂದುಬಿಡುತ್ತದೆ, ಸಾಯುವುದೂ ಅದೇ. ಮರಿಗೊಂದು ಅಡಿಯಂತೆ ಜಾಗ ಇದ್ದರೆ ಎಲ್ಲವೂ ಒಟ್ಟಿಗೆ ತಿನ್ನುತ್ತವೆ. ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ, ಮದುವೆಮನೆಯಲ್ಲಿ ಮಿಕ್ಕ ಅನ್ನ, ಬಾಯಿ ಬಿಚ್ಚಿಟ್ಟ ದಾಣಿಚೀಲ, ಇವೂ ಕಾಳಿನ ಲೆಕ್ಕಕ್ಕೇ ಸೇರುತ್ತವೆ. ಲಸಿಕೆ ಹಾಕಿಸಿದ್ದೇವಲ್ಲ ಎಂಬ ಧೈರ್ಯವೂ ಇಲ್ಲಿ ಪೂರ್ತಿ ಕೈ ಹಿಡಿಯದು. ಕಾಳು ಅತಿಯಾಗಿ ತಿಂದು ಹೊಟ್ಟೆ ಹುಳಿಯಾಗಿ ಸಾಯುವುದು ಬೇರೆಯೇ ತೊಂದರೆ, ಅದಕ್ಕೆ ಯಾವ ಲಸಿಕೆಯೂ ಇಲ್ಲ. ಮೇಕೆಗಳಲ್ಲಂತೂ ಇ.ಟಿ. ಲಸಿಕೆಯ ಬಲ ಕುರಿಗಳಷ್ಟು ದಿನ ನಿಲ್ಲುವುದಿಲ್ಲ, ಕಾಳು ತಿನ್ನಿಸುವ ಮೇಕೆಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಾಕಿಸಬೇಕೇ ಎಂದು ವೈದ್ಯರನ್ನು ವಿಚಾರಿಸಿ.

ಇಷ್ಟಾಗಿಯೂ ಒಂದು ಮರಿ ಸತ್ತರೆ ಅದೇ ಹೊತ್ತಿಗೆ ಉಳಿದವಕ್ಕೆ ದಾಣಿ ನಿಲ್ಲಿಸಿ, ಒಣಮೇವು ಮಾತ್ರ ಹಾಕಿ. ಸತ್ತದ್ದನ್ನು ನೀವೇ ಕೊಯ್ಯಬೇಡಿ, ಮಾಂಸ ಹಂಚಲೂಬೇಡಿ. ಅಡಸಲು ರೋಗವೂ, ಅಂದರೆ ಆಂಥ್ರಾಕ್ಸ್, ಹೀಗೇ ಹಠಾತ್ತನೆ ಕೊಲ್ಲುತ್ತದೆ, ಮೂಗು, ಬಾಯಿ, ಗುದದಿಂದ ರಕ್ತ ಸೋರುತ್ತಿದ್ದರಂತೂ ಅದನ್ನೇ ಅನುಮಾನಿಸಬೇಕು, ಅದು ಮನುಷ್ಯರಿಗೂ ತಗಲುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಕೊನೆಯ ಸಲ ಮೇವು ಬದಲಿಸಿದ್ದು ಯಾವತ್ತು, ಲಸಿಕೆ ಹಾಕಿಸಿದ್ದು ಯಾವತ್ತು ಎಂಬ ಎರಡು ದಿನಾಂಕಗಳನ್ನು ವೈದ್ಯರಿಗೆ ಮೊದಲೇ ಹೇಳಿ.